ಅಂದದ್ದು ಮತ್ತು ಹೇಳಿದ್ದು



ಈ ಸಂಚಿಕೆಯ ಸಂಪಾದಕೀಯವನ್ನು ಒಂದು ತಪ್ಪೊಪ್ಪಿಗೆಯಿಂದ ಆರಂಭಿಸಬೇಕಾಗಿದೆ. ತಪ್ಪು ನನ್ನದೇ. ನಮ್ಮ ಪತ್ರಿಕೆಯಲ್ಲಿ ಪ್ರತಿ ತಿಂಗಳೂ ಮಠದ ಚಿಂತನಗೋಷ್ಠಿಯ ಸಾರಾಂಶ ಪ್ರಕಟವಾಗುವುದು ತಮಗೆ ತಿಳಿದಿದೆ. ಕೆಲವು ತಿಂಗಳ ಹಿಂದೆ ಸರಳ ವಿವಾಹದ ಕುರಿತು ಗೋಷ್ಠಿ ನಡೆಯಿತು. ಅಂದು ನಾನು ಊರಲ್ಲಿರಲಿಲ್ಲ. ಎರಡು ಗಂಟೆಯ ಧ್ವನಿಮುದ್ರಣವನ್ನು ನಮ್ಮ ಯುವಕರು ಅಕ್ಷರಕ್ಕಿಳಿಸಿ ಇಪ್ಪತ್ತೆರಡು ಪುಟ ಮಾಡಿ ಕೊಟ್ಟರು. ಅದನ್ನು ಒಂದೂವರೆ ಪುಟಕ್ಕೆ ಇಳಿಸುವ ಕೆಲಸ ನನ್ನದು. ಮೂವತ್ತೈದು ವರ್ಷ ಸರ್ಕಾರಿ ಕಚೇರಿಯಲ್ಲಿ ಸಭಾ ನಡವಳಿ ಬರೆದವನು. ಇದೇನು ದೊಡ್ಡ ಕೆಲಸವೆಂದು ಒಂದೇ ಸಂಜೆಯಲ್ಲಿ ಮುಗಿಸಿದೆ.

ಆ ಇಪ್ಪತ್ತೆರಡು ಪುಟಗಳಲ್ಲಿ ಹಿರಿಯ ತಾಯಿಯೊಬ್ಬರ ಮಾತು ಹೀಗಿತ್ತು: “ಮುಹೂರ್ತ ನೋಡಬೇಕ್ರೀ, ನೋಡದ ಹೆಂಗ ನಡೀತೈತಿ? ನನ್ನ ಲಗ್ನಕ್ಕೂ ಮೂರು ಮಂದಿ ಕೂತು ನೋಡಿದ್ರು. ಭಾರಿ ಛಲೋ ಮುಹೂರ್ತ ಅಂದ್ರು. ಹನ್ನೊಂದು ವರ್ಷಕ್ಕ ಅವರು ಲಿಂಗೈಕ್ಯರಾದ್ರು. ಮುಹೂರ್ತ ಮಾತ್ರ ಒಂದು ನಿಮಿಷ ತಪ್ಪಿರಲಿಲ್ಲ ನೋಡ್ರಿ.”

ನಾನು ಬರೆದದ್ದು ಹೀಗೆ: “ಹಿರಿಯ ಶರಣೆಯೊಬ್ಬರು, ಮುಹೂರ್ತ ನೋಡುವುದು ಅಗತ್ಯ, ತಮ್ಮ ವಿವಾಹಕ್ಕೂ ನೋಡಲಾಗಿತ್ತು ಎಂದು ಅಭಿಪ್ರಾಯಪಟ್ಟರು.”

ಓದಿ ನೋಡಿ. ನನ್ನ ವಾಕ್ಯದಲ್ಲಿ ಆ ತಾಯಿ ಆಡದ ಸಂಗತಿ ಒಂದೂ ಇಲ್ಲ. ಮುಹೂರ್ತ ನೋಡಬೇಕು ಎಂದದ್ದು ಹೌದು, ತಮ್ಮ ಮದುವೆಗೆ ನೋಡಿದ್ದರು ಎಂದದ್ದೂ ಹೌದು. ಆದರೂ ಅವರ ಅಭಿಪ್ರಾಯ ತಲೆಕೆಳಗಾಗಿದೆ. ಅದೂ ಮುಹೂರ್ತದ ಹಂಗು ಬಿಡಿರೆಂದು ವರ್ಷಗಳಿಂದ ಬರೆಯುತ್ತ ಬಂದಿರುವ ನಮ್ಮ ಪತ್ರಿಕೆಯಲ್ಲೇ.

ಪತ್ರಿಕೆ ಮಠದಿಂದ ಮಠಕ್ಕೆ, ಅಲ್ಲಿಂದ ಮನೆಗಳಿಗೆ ಹೋಯಿತು. ಆ ತಾಯಿಯ ಮೊಮ್ಮಗಳ ಮದುವೆ ಮಾತುಕತೆ ನಡೆದಿತ್ತು. ಸ್ವಾಮೀಜಿಯವರಿಗೆ ಬಿಡುವಾದ ದಿನ ವಚನ ಓದಿ ಮದುವೆ ಮಾಡೋಣವೆಂದು ಇವರು ಹೇಳಿದ್ದರು. ಗಂಡಿನ ಕಡೆಯವರಿಗೆ ಅದು ಒಪ್ಪಿಗೆಯಿರಲಿಲ್ಲ. ಅವರು ನಮ್ಮ ಪತ್ರಿಕೆಯನ್ನೇ ತಂದು ಮುಂದಿಟ್ಟರಂತೆ: “ನಿಮ್ಮ ಅಜ್ಜೀನ ಮುಹೂರ್ತ ಬೇಕು ಅಂದಾಳಲ್ಲ, ಇಲ್ಲೇ ಅಚ್ಚಾಗೇತಿ.” ಅಜ್ಜಿ ಅದನ್ನು ಹಿಡಿದುಕೊಂಡು ಮಠಕ್ಕೆ ಬಂದರು.

“ಸರ, ನಾ ಹಿಂಗ ಅಂದಿದ್ನೇನ್ರಿ?”

“ಅವ್ವಾರ, ನೀವು ಅಂದದ್ದನ್ನ ಬರದೀನಲ್ರಿ,” ಎಂದು ಅಚ್ಚಿನ ಮಾತು ತೋರಿಸಿದೆ.

“ಅಂದದ್ದು ಬರದೀರಿ. ಹೇಳಿದ್ದು ಬರದಿಲ್ಲ.”

ನನಗೆ ಉತ್ತರ ತೋಚಲಿಲ್ಲ. ಮರುದಿನ ಧ್ವನಿಮುದ್ರಣವನ್ನು ತರಿಸಿ ಕೇಳಿದೆ. ಕೊನೆಯ ಮಾತಿಗೆ ಇಡೀ ಸಭೆ ಒಂದು ಕ್ಷಣ ಸುಮ್ಮನಾಗುತ್ತದೆ; ಆಮೇಲೆ ಯಾರೋ “ಖರೆ ಐತಿ ಅವ್ವಾ” ಎನ್ನುತ್ತಾರೆ. ಆ ಮೌನ ಕಾಗದಕ್ಕೆ ಇಳಿದಿರಲಿಲ್ಲ. ಆದರೆ ಕಾಗದವನ್ನೇ ದೂರುವಂತಿಲ್ಲ. ಹನ್ನೊಂದು ವರ್ಷಕ್ಕೆ ಪತಿ ತೀರಿಕೊಂಡ ಮಾತು ಕಾಗದದಲ್ಲೇ ಇತ್ತು. ಅದನ್ನು “ವೈಯಕ್ತಿಕ ವಿವರ” ಎಂದು ಹೊಡೆದು ಹಾಕಿದವನು ನಾನು. ಮಾತಿನ ಕೀಲಿ ಇದ್ದದ್ದೇ ಅದರಲ್ಲಿ.

ನಮ್ಮ ಹಳೆಯ ಅಲಂಕಾರಶಾಸ್ತ್ರ ಇದನ್ನು ಬಲ್ಲದು. ದನಿಯ ಏರಿಳಿತದಿಂದ ಮಾತಿನ ಅರ್ಥ ತಿರುಗುವುದಕ್ಕೆ ‘ಕಾಕು’ ಎಂದು ಹೆಸರು. ಹೊಗಳಿದಂತೆ ತೆಗಳುವುದು, ತೆಗಳಿದಂತೆ ಹೊಗಳುವುದು ವ್ಯಾಜಸ್ತುತಿ. ವಚನಗಳನ್ನು ಓದಿದವರಿಗೆ ಇದು ಹೊಸದಲ್ಲ. ಶರಣರು ಇಷ್ಟದೈವವನ್ನೇ ಬೈಯುತ್ತಾರೆ. ಅದನ್ನು ಓದಿ ಇವರಿಗೆ ದೈವದಲ್ಲಿ ನಂಬಿಕೆಯಿಲ್ಲವೆಂದು ಯಾರೂ ಸಾರಾಂಶ ಬರೆಯುವುದಿಲ್ಲ. ವಚನದಲ್ಲಿ ತೋರಿಸುವ ಎಚ್ಚರವನ್ನು ನಮ್ಮ ನಡುವೆಯೇ ಕೂತು ಮಾತನಾಡಿದ ಅಜ್ಜಿಗೆ ನಾನು ತೋರಿಸಲಿಲ್ಲ.

ವ್ಯಂಗ್ಯವನ್ನು ಗುರುತಿಸುವುದು ಹೇಗೆ? ಕಾಗದದ ಮೇಲೂ ಕುರುಹುಗಳು ಉಳಿದಿರುತ್ತವೆ. ಮೊದಲನೆಯದಾಗಿ, ಮಾತಿನ ನೇರ ಅರ್ಥವೂ ಅದೇ ಉಸಿರಿನಲ್ಲಿ ಕೊಟ್ಟ ಸಂಗತಿಯೂ ಹೊಂದುವುದಿಲ್ಲ. ಮುಹೂರ್ತ ಬೇಕು ಎನ್ನುವವರು ಅದಕ್ಕೆ ಸಾಕ್ಷಿಯಾಗಿ ವೈಧವ್ಯವನ್ನು ಹೇಳಲಾರರು. ಎರಡನೆಯದಾಗಿ, ಅಗತ್ಯಕ್ಕಿಂತ ಹೆಚ್ಚಿನ ಹೊಗಳಿಕೆ ಬರುತ್ತದೆ: ಭಾರಿ ಛಲೋ, ಮಹಾ ದೊಡ್ಡವರು, ಪಾಪ, ಒಂದು ನಿಮಿಷವೂ ತಪ್ಪಿರಲಿಲ್ಲ. ಮೂರನೆಯದಾಗಿ, ಅದೇ ವ್ಯಕ್ತಿ ಮುಂದೆ ಎಲ್ಲೋ ನೇರವಾಗಿ ಆಡಿದ ಮಾತಿರುತ್ತದೆ. ಇದೇ ತಾಯಿ ಹದಿನೇಳನೆಯ ಪುಟದಲ್ಲಿ, ಮೊಮ್ಮಗಳ ಲಗ್ನಕ್ಕೆ ಸ್ವಾಮೇರ ಬಿಡುವು ಕೇಳಿದರೆ ಸಾಕು ಎಂದಿದ್ದರು. ಅದನ್ನು ನಾನು ಬೇರೆ ವಿಷಯವೆಂದು ಬೇರೆ ಕಡೆ ಸೇರಿಸಿದ್ದೆ. ಎರಡನ್ನೂ ಪಕ್ಕಪಕ್ಕ ಇಟ್ಟಿದ್ದರೆ ತಪ್ಪು ಅಲ್ಲೇ ಕಾಣುತ್ತಿತ್ತು.

ಮುಂದಿನ ಸಂಚಿಕೆಗೆ ತಿದ್ದುಪಡಿ ಬರೆಯಲು ಕೂತಾಗ ಎರಡನೆಯ ತಪ್ಪಿನ ಅಂಚಿಗೆ ಬಂದೆ. ನನ್ನ ಮೊದಲ ಕರಡು: “ಸದರಿ ಶರಣೆಯವರು ಮುಹೂರ್ತ ಪದ್ಧತಿಯನ್ನು ವಿರೋಧಿಸಿದರು ಎಂದು ಓದಿಕೊಳ್ಳಬೇಕು.” ನಮ್ಮ ಪತ್ರಿಕೆಗೆ ಒಪ್ಪುವ ಮಾತು. ಆದರೆ ಆ ತಾಯಿ ಇದನ್ನೂ ಹೇಳಿರಲಿಲ್ಲ. ವ್ಯಂಗ್ಯವೆಂದರೆ ವಾಕ್ಯಕ್ಕೆ ‘ಅಲ್ಲ’ ಸೇರಿಸಿದರೆ ಸರಿಹೋಗುವ ಲೆಕ್ಕವಲ್ಲ. ಊಟ ಕೆಟ್ಟಾಗ “ಏನ್ ಅಡುಗೆ ಮಾಡ್ಯಾರಪ್ಪ!” ಎಂದವನು, ಇನ್ನು ಮುಂದೆ ಇವರ ಮನೆಯಲ್ಲಿ ಯಾರೂ ಉಣ್ಣಬಾರದೆಂದು ಹೇಳಿದಂತಲ್ಲ. ಆ ತಾಯಿ ಹೇಳಿದ್ದು ತನ್ನ ಬದುಕಿನ ಒಂದು ಸಂಗತಿ: ಅಷ್ಟು ನೋಡಿ ಇಟ್ಟ ಮುಹೂರ್ತ ನನ್ನನ್ನು ಕಾಯಲಿಲ್ಲ. ಊರಿನವರೆಲ್ಲ ಬಿಡಬೇಕೆಂದು ಅವರು ಕರೆ ಕೊಟ್ಟಿರಲಿಲ್ಲ. ಹಾಗೆ ಬರೆದಿದ್ದರೆ ಮೊದಲು ಗಂಡಿನ ಕಡೆಯವರ ಬಾಯಿಗೆ ಕೊಟ್ಟ ಅವರ ಮಾತನ್ನು ಈಗ ನನ್ನ ಬಾಯಿಗೆ ಎಳೆದುಕೊಂಡಂತಾಗುತ್ತಿತ್ತು.

ಕೊನೆಗೆ ಬರೆದು, ಅವರಿಗೆ ಓದಿ ಹೇಳಿ, ಒಪ್ಪಿಗೆ ಪಡೆದು ಅಚ್ಚು ಮಾಡಿದ್ದು ಇದು: “ಹಿರಿಯ ಶರಣೆಯೊಬ್ಬರು, ಮುಹೂರ್ತ ನೋಡಿಯೇ ನಡೆದ ತಮ್ಮ ಮದುವೆಯಾದ ಹನ್ನೊಂದೇ ವರ್ಷಕ್ಕೆ ಪತಿಯನ್ನು ಕಳೆದುಕೊಂಡುದನ್ನು ನೆನೆದು, ‘ಮುಹೂರ್ತ ಮಾತ್ರ ತಪ್ಪಿರಲಿಲ್ಲ’ ಎಂದು ವ್ಯಂಗ್ಯವಾಗಿ ನುಡಿದರು. ಮೊಮ್ಮಗಳ ಮದುವೆಗೆ ಸ್ವಾಮೀಜಿಯವರ ಬಿಡುವಿನ ದಿನ ಸಾಕೆಂದರು.” ಇದು ಮೊದಲಿನದಕ್ಕಿಂತ ಒಂದು ವಾಕ್ಯ ಉದ್ದ. ಸ್ಥಳ ಸಾಲದು ಎಂಬ ಸಬೂಬು ಆ ಒಂದು ವಾಕ್ಯದಷ್ಟು ಮಾತ್ರ.

ವ್ಯಂಗ್ಯ ಕೆಟ್ಟರೆ ಯಾರಾದರೂ ಬಂದು ಕೇಳುತ್ತಾರೆ. ಸದ್ದಿಲ್ಲದೆ ಕೆಡುವುದು ಇನ್ನೊಂದು: ಸಂದೇಹದ ಮಾತು. ಇದನ್ನು ನಾನು ಕಲಿಯಬೇಕಾಗಿದ್ದದ್ದು ನೌಕರಿಯಲ್ಲಿದ್ದಾಗಲೇ.

ಒಂದು ಸಣ್ಣ ಕೆರೆ. ಮಳೆಗಾಲದಲ್ಲಿ ತುಂಬಿತ್ತು. ಮಣ್ಣಿನ ಏರಿಯ ಹಿಂಬದಿಯ ಬುಡದಲ್ಲಿ ನೀರು ಒಸರುತ್ತಿತ್ತು. ಮಣ್ಣಿನ ಏರಿ ಸ್ವಲ್ಪ ಒಸರುವುದು ಸಹಜ. ನೋಡಬೇಕಾದದ್ದು ಆ ನೀರಿನ ಬಣ್ಣ. ತಿಳಿಯಾಗಿದ್ದರೆ ನೀರಷ್ಟೇ ಬರುತ್ತಿದೆ. ಕದಡಿದ್ದರೆ ಏರಿಯ ಒಳಗಿನ ಮಣ್ಣೂ ಜತೆಗೆ ಬರುತ್ತಿದೆ, ಒಳಗೆ ಬಿಲ ಬೀಳುತ್ತಿದೆ ಎಂದರ್ಥ. ಕಿರಿಯ ಎಂಜಿನಿಯರು ಸ್ಥಳ ನೋಡಿ ಬರೆದರು: “ಒಸರು ಸದ್ಯಕ್ಕೆ ತಿಳಿಯಾಗಿದೆ. ಅಪಾಯವಿಲ್ಲವೆನಿಸುತ್ತದೆ. ಆದರೂ ನೀರು ಇಳಿಯುವವರೆಗೆ ವಾರಕ್ಕೊಮ್ಮೆ ನೋಡುವುದು ಒಳ್ಳೆಯದು.” ಅದರ ಮೇಲಿನ ಅಧಿಕಾರಿಯ ಟಿಪ್ಪಣಿಯಲ್ಲಿ ಅದು “ಒಸರು ಇದೆ, ಅಪಾಯವಿಲ್ಲ” ಎಂದಾಯಿತು. ಅದಕ್ಕೂ ಮೇಲೆ, ಹತ್ತಾರು ಕೆರೆಗಳ ಪಟ್ಟಿಯಲ್ಲಿ, ಅದರ ಮುಂದೆ ಒಂದೇ ಪದ ಉಳಿಯಿತು: “ಸುರಕ್ಷಿತ”. ಯಾರೂ ಸುಳ್ಳು ಬರೆದಿರಲಿಲ್ಲ. ಮೊದಲ ಹಂತದಲ್ಲಿ ‘ಸದ್ಯಕ್ಕೆ’, ‘ಎನಿಸುತ್ತದೆ’ ಹೋದವು. ಎರಡನೆಯದರಲ್ಲಿ ‘ಒಸರು’ ಕೂಡ ಹೋಯಿತು. ಸುರಕ್ಷಿತವಾದ ಕೆರೆಯನ್ನು ವಾರಕ್ಕೊಮ್ಮೆ ಯಾಕೆ ನೋಡಬೇಕು? ನೋಡುವುದೂ ನಿಂತಿತು.

ಮೂರನೆಯ ವಾರದ ಕೊನೆಗೆ ನೀರಗಂಟಿ ಓಡಿ ಬಂದು, ಒಸರು ಕೆಂಪಾಗಿದೆ ಎಂದ. ತೂಬು ಎತ್ತಿ ನೀರು ಇಳಿಸಿ, ಒಸರಿನ ಬಾಯಿಗೆ ಮರಳು, ಅದರ ಮೇಲೆ ಜಲ್ಲಿ, ಅದರ ಮೇಲೆ ಕಲ್ಲು ಹೇರಿ ಕೆರೆಯನ್ನು ಉಳಿಸಿಕೊಂಡೆವು. ಆ ಪಟ್ಟಿಗೆ ಸಹಿ ಮಾಡಿದವರಲ್ಲಿ ನಾನೂ ಒಬ್ಬ.

ದೊಡ್ಡವರ ಮನೆಯಲ್ಲೂ ಇದು ನಡೆದಿದೆ. 1961ರಲ್ಲಿ ಕ್ಯೂಬಾದ ಮೇಲೆ ದಾಳಿ ಮಾಡಿಸುವ ಯೋಜನೆಯೊಂದನ್ನು ತೂಗಿ ನೋಡಲು ಅಮೆರಿಕದ ಸೇನಾ ಮುಖ್ಯಸ್ಥರು ಒಂದು ತಂಡಕ್ಕೆ ಹೇಳಿದರು. ಗೆಲುವಿನ ಸಂಭವವನ್ನು ತಂಡ ಇಂಗ್ಲಿಷಿನಲ್ಲಿ ‘ಫೇರ್ ಚಾನ್ಸ್’ ಎಂದು ಕರೆಯಿತು. ತಂಡದ ಮುಖ್ಯಸ್ಥ ಡೇವಿಡ್ ಗ್ರೇ ಆಮೇಲೆ ಹೇಳಿದಂತೆ, ಅವರ ಮನಸ್ಸಿನಲ್ಲಿದ್ದ ಲೆಕ್ಕ ಗೆಲುವಿಗೆ 30, ಸೋಲಿಗೆ 70. ಅಧ್ಯಕ್ಷ ಕೆನಡಿಯವರಿಗೆ ಹೋದ ವರದಿಯಲ್ಲಿ ಆ ಅಂಕಿಯಿರಲಿಲ್ಲ, ಪದವಷ್ಟೇ ಇತ್ತು. ಓದಿದವರಿಗೆ ‘ಪರವಾಗಿಲ್ಲ, ಆದೀತು’ ಎಂಬಂತೆ ಕೇಳಿಸುವ ಪದ. ಆ ವರ್ಷದ ಏಪ್ರಿಲಿನಲ್ಲಿ ನಡೆದ ದಾಳಿ ಮೂರೇ ದಿನದಲ್ಲಿ ನೆಲಕಚ್ಚಿತು. ಸೋಲಿಗೆ ಬೇರೆ ಕಾರಣಗಳೂ ಇದ್ದವು. ಆದರೆ ತೂಗಿದವರ ಅಳುಕು ಓದುವವರಿಗೆ ತಲುಪಲಿಲ್ಲವೆಂಬುದು ಉಳಿದೇ ಉಳಿಯಿತು.

ಈ ವಿಷಯದಲ್ಲಿ ನಮ್ಮ ಕನ್ನಡ ಬಹಳ ಸೂಕ್ಷ್ಮ. ಅಳುಕನ್ನು ಅದು ಬೇರೆ ವಾಕ್ಯದಲ್ಲಿ ಹೇಳುವುದಿಲ್ಲ, ಕ್ರಿಯಾಪದದ ಬಾಲದಲ್ಲಿ ಕಟ್ಟಿಬಿಡುತ್ತದೆ. ‘ಮಳೆ ಬರುತ್ತದೆ’, ‘ಬರಬಹುದು’, ‘ಬಂದೀತು’, ‘ಬರಬಹುದೇನೋ’, ‘ಬರುತ್ತದಂತೆ’ ಇವು ಐದು ಬೇರೆ ಬೇರೆ ಮಾತುಗಳು. ಸಾರಾಂಶ ಬರೆಯುವವನ ಕತ್ತರಿ ಮೊದಲು ಬೀಳುವುದು ಈ ಬಾಲದ ಮೇಲೆಯೇ. ಐದೂ ‘ಬರುತ್ತದೆ ಎಂದರು’ ಆಗುತ್ತವೆ.

ಅದರಲ್ಲೂ ಎರಡು ಬಾಲಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಒಂದು ‘ಏನೋ’. “ಯೋಜನೆ ಚೆನ್ನಾಗೇನೋ ಇದೆ” ಎಂದವರು ಹೊಗಳಿಲ್ಲ. ‘ಆದರೆ’ ಎಂದು ಮುಂದುವರಿಯಲು ಬಾಗಿಲು ತೆರೆದಿದ್ದಾರೆ. ಆ ‘ಆದರೆ’ಯ ನಂತರ ಬಂದದ್ದೇ ಅವರ ಅಭಿಪ್ರಾಯ. ಅಲ್ಲಿಗೆ ಕತ್ತರಿಸಿ “ಯೋಜನೆಯನ್ನು ಶ್ಲಾಘಿಸಿದರು” ಎಂದು ಬರೆದರೆ ಮುಗಿಯಿತು. ಇನ್ನೊಂದು ‘ಅಂತೆ’. “ಲೆಕ್ಕ ಇಟ್ಟಿಲ್ಲವಂತೆ” ಎಂದವರು ಕೇಳಿದ್ದನ್ನು ಕೇಳಿದೆನೆಂದು ಹೇಳಿದ್ದಾರೆ. ಅದು ಸಾರಾಂಶದಲ್ಲಿ “ಲೆಕ್ಕ ಇಟ್ಟಿಲ್ಲವೆಂದು ಆರೋಪಿಸಿದರು” ಎಂದಾದರೆ, ಪಾಪ, ವಿಚಾರಿಸಲು ಬಂದವರನ್ನು ಜಗಳಕ್ಕೆ ನಿಲ್ಲಿಸಿದಂತೆ. ಇದೇ ‘ಅಂತೆ’ ವ್ಯಂಗ್ಯಕ್ಕೂ ಬರುತ್ತದೆ: “ಇವರು ಸಮಾಜ ತಿದ್ದುತ್ತಾರಂತೆ!” ಅಕ್ಷರ ಒಂದೇ, ಒಂದು ಕಡೆ ವಿನಯ, ಇನ್ನೊಂದು ಕಡೆ ಚುಚ್ಚು. ಯಾವುದೆಂದು ಹಿಂದುಮುಂದಿನ ಮಾತು ನೋಡಿಯೇ ತಿಳಿಯಬೇಕು.

ಇನ್ನು ತಮಾಷೆ. ಅದೇ ಗೋಷ್ಠಿಯಲ್ಲಿ ಒಬ್ಬ ಯುವಕ, “ಖರ್ಚು ಕಡಿಮಿ ಆಗಬೇಕಂದ್ರ ಎಲ್ಲಾರೂ ಓಡಿಹೋಗಿ ಮದುವಿ ಆಗೂದ ಛಲೋ” ಎಂದಿದ್ದ. ಸಭೆ ನಕ್ಕಿತ್ತು. ಕಾಗದದಲ್ಲಿ ನಗು ಇರಲಿಲ್ಲ. ನಾನು ಅದನ್ನು ‘ಬಂದ ಸಲಹೆಗಳು’ ಎಂಬ ಪಟ್ಟಿಯಲ್ಲಿ ಸೇರಿಸಿದ್ದೆ! ಅಚ್ಚಿಗೆ ಹೋಗುವ ಮುನ್ನ ನನ್ನ ಮಗಳು ಓದಿ ನಕ್ಕದ್ದರಿಂದ ಉಳಿದೆ. ಆಗ ನಾನು ಆ ಮಾತನ್ನು ಪೂರ್ತಿ ತೆಗೆದುಹಾಕಿದೆ. ಅದೂ ಅರ್ಧ ತಪ್ಪೇ. ಮೂಲವನ್ನು ಮತ್ತೆ ಓದಿದಾಗ ಕಂಡಿತು, ಅವನು ನಗು ನಿಂತ ಮೇಲೆ ಹೇಳಿದ್ದ: “ತಮಾಷಿಗೆ ಅಂದೆ. ಆದ್ರ ನಮ್ಮ ಅಕ್ಕನ ಲಗ್ನಕ್ಕ ಛತ್ರದ ಬಾಡಿಗಿ ಒಂದಕ್ಕ ಸಾಲಾ ಮಾಡೀವಿ, ಅದು ಖರೆ.” ನಗೆಮಾತು ಆ ಮಾತಿಗೆ ಬರುವ ಮೆಟ್ಟಿಲಾಗಿತ್ತು. ನಕ್ಕು ಮುಗಿಸುವ ಮಾತನ್ನು ಬಿಟ್ಟರೆ ನಷ್ಟವಿಲ್ಲ. ಒಳಗೆ ಹುರುಳಿರುವ ನಗೆಮಾತಾದರೆ, “ಹಾಸ್ಯದ ನಡುವೆ, ಛತ್ರದ ಬಾಡಿಗೆಗೇ ಸಾಲ ಮಾಡಿದ್ದನ್ನು ಹೇಳಿದರು” ಎಂದು ಹುರುಳನ್ನು ಉಳಿಸಬೇಕು.

ಇದೆಲ್ಲ ಆದ ಮೇಲೆ ನಮ್ಮ ಕಚೇರಿಯಲ್ಲಿ ಸಾರಾಂಶ ಬರೆಯುವ ರೀತಿಯನ್ನು ಬದಲಿಸಿದ್ದೇವೆ. ಧ್ವನಿಯನ್ನು ಅಕ್ಷರಕ್ಕಿಳಿಸುವವರು ನಗು, ಮೌನ, ಮುಂದಿನವರ ಉದ್ಗಾರ ಇವನ್ನೂ ಬರೆಯುತ್ತಾರೆ. ಸಾರಾಂಶ ಬರೆಯುವ ಮುನ್ನ ನಾನು ಅಂಚಿನಲ್ಲಿ ಗುರುತು ಹಾಕುತ್ತೇನೆ: ವ್ಯಂಗ್ಯಕ್ಕೆ ‘ವ್ಯಂ’, ಸಂದೇಹಕ್ಕೆ ‘ಸಂ’, ಹಾಸ್ಯಕ್ಕೆ ‘ಹಾ’. ಗುರುತಿರುವ ಮಾತನ್ನು ‘ಅಭಿಪ್ರಾಯಪಟ್ಟರು’ ಎಂದು ಮುಗಿಸುವಂತಿಲ್ಲ. ಆ ಒಂದು ಕ್ರಿಯಾಪದ ಎಲ್ಲರನ್ನೂ ಒಂದೇ ದನಿಯಲ್ಲಿ ಮಾತನಾಡಿಸುತ್ತದೆ. ಶಂಕಿಸಿದರು, ಕೇಳಿದ್ದನ್ನು ತಿಳಿಸಿದರು, ಕುಟುಕಿದರು, ಇರಬಹುದೆಂದರು ಎಂಬ ಪದಗಳು ನಮ್ಮಲ್ಲಿ ಬೇಕಾದಷ್ಟಿವೆ.

ಬರೆದ ಮೇಲೆ ಒಂದು ಪರೀಕ್ಷೆ. ಗೋಷ್ಠಿಗೆ ಬಾರದ ಒಬ್ಬರಿಗೆ ಸಾರಾಂಶ ಕೊಟ್ಟು, ಯಾರು ಯಾವುದರ ಪರ, ಯಾರು ವಿರುದ್ಧ, ಯಾರು ಎಷ್ಟು ಖಚಿತವಾಗಿ ಹೇಳಿದ್ದಾರೆ ಎಂದು ಕೇಳುತ್ತೇವೆ. ಬಂದಿದ್ದವರೊಬ್ಬರ ಉತ್ತರದ ಜತೆ ಅದನ್ನು ಹೋಲಿಸುತ್ತೇವೆ. ಉತ್ತರ ಎಲ್ಲಿ ಬೇರೆಯಾಗುತ್ತದೋ ಅಲ್ಲಿ ಸಾರಾಂಶ ಸೋತಿದೆ. ಅಲ್ಲಿಯೂ ತೀರ್ಮಾನವಾಗದಿದ್ದರೆ ಮಾತನಾಡಿದವರನ್ನೇ ಕೇಳುತ್ತೇವೆ. ಅವರು ಸಿಗದಿದ್ದರೆ, ಅವರ ಮಾತನ್ನು ಅವರದೇ ಪದಗಳಲ್ಲಿ ಇಟ್ಟುಬಿಡುತ್ತೇವೆ.

ಈ ಎಚ್ಚರಕ್ಕೂ ಮಿತಿಯುಂಟು. ವ್ಯಂಗ್ಯ ಹುಡುಕಲು ಹೊರಟವನಿಗೆ ಎಲ್ಲೆಲ್ಲೂ ಅದೇ ಕಾಣುತ್ತದೆ. ಹೋದ ತಿಂಗಳು ರೈತರೊಬ್ಬರು ಸ್ವಾಮೀಜಿಯವರ ಕೆಲಸವನ್ನು ಬಾಯ್ತುಂಬ ಹೊಗಳಿದ್ದರು. ಹೊಗಳಿಕೆ ಅತಿಯಾಯಿತೆಂದು ನಾನು ‘ವ್ಯಂ’ ಹಾಕಿದೆ. ಕೇಳಿದರೆ, “ಇಲ್ರೀ ಸರ, ಮನಸಾರೆ ಅಂದೆ” ಎಂದರು. ಒಂದೇ ಕುರುಹು ನೋಡಿ ತೀರ್ಮಾನಿಸಿದ್ದೆ. ಹೇಳಿದ ಸಂಗತಿಗೂ ಹೊಗಳಿಕೆಗೂ ಅಲ್ಲಿ ವಿರೋಧವೇ ಇರಲಿಲ್ಲ. ಹಾಗೆಯೇ, ಒಬ್ಬರು ಗಂಭೀರವಾಗಿ ಆಡಿದ ಕಟುಮಾತನ್ನು, ಮುಜುಗರವಾಗುತ್ತದೆಂದು ‘ತಮಾಷೆಗೆ ಹೇಳಿದರು’ ಎಂದು ತೇಲಿಸುವುದೂ ಅಷ್ಟೇ ದೊಡ್ಡ ಅನ್ಯಾಯ.

ಶೂನ್ಯಸಂಪಾದನೆಯನ್ನು ಕಟ್ಟಿದವರು ಶರಣರ ವಚನಗಳನ್ನು ಸಂಕ್ಷೇಪಿಸಲಿಲ್ಲ. ವಚನವನ್ನು ಇಡಿಯಾಗಿ ಇಟ್ಟು, ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ನುಡಿದರು ಎಂಬುದನ್ನು ನಡುವೆ ಗದ್ಯದಲ್ಲಿ ಹೆಣೆದರು. ನಮಗೆ ಅಷ್ಟು ಪುಟಗಳಿಲ್ಲ. ಆದರೆ ಯಾರು, ಯಾರಿಗೆ, ಯಾವ ದನಿಯಲ್ಲಿ ಎಂಬುದಕ್ಕೆ ಒಂದೆರಡು ಪದಗಳು ಸಾಕು.

ಆ ತಾಯಿಯ ಮೊಮ್ಮಗಳ ಮದುವೆ ಕಳೆದ ತಿಂಗಳು ನಡೆಯಿತು. ತಿದ್ದುಪಡಿ ಅಚ್ಚಾದ ಸಂಚಿಕೆಯನ್ನು ಅವರೇ ಬೀಗರ ಮನೆಗೆ ಒಯ್ದು ಓದಿಸಿದರಂತೆ. ಬೀಗರು ಪೂರ್ತಿ ಒಪ್ಪಲಿಲ್ಲ. ಸ್ವಾಮೀಜಿಯವರ ಬಿಡುವಿನ ಎರಡು ದಿನಗಳಲ್ಲಿ ಒಂದನ್ನು ತಾವು ಆರಿಸಿಕೊಂಡರು. ಯಾವುದನ್ನು ನೋಡಿ ಆರಿಸಿದರೆಂದು ನಾನು ಕೇಳಿದೆ. “ಅವರು ಏನ್ ನೋಡಿದ್ರೋ ಏನೋ, ನನಗ ಗೊತ್ತಿಲ್ರಿ. ಹಿಂಗ ಬರಕೋರಿ ಮತ್ತ, ಗೊತ್ತಿಲ್ಲ ಅಂತ” ಎಂದರು. ಹಾಗೆಯೇ ಬರೆದಿದ್ದೇನೆ.